ಓಡುವಾಗ ಪಕ್ಕೆ ಹಿಡಿಯುವುದೇಕೆ?

ಮಧ್ಯಾಹ್ನದ ಊಟ ಮುಗಿಸಿ ಕೂಡಲೇ ಮೈದಾನಕ್ಕೆ ಇಳಿದು ಓಡತೊಡಗಿದವರಲ್ಲಿ ಕೆಲವರು ಸ್ವಲ್ಪ ಹೊತ್ತಿನಲ್ಲಿಯೇ ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದು ನಿಂತುಬಿಡುವುದುಂಟು. ಕಾಲುಗಳಲ್ಲಿ ಶಕ್ತಿ ಉಡುಗಿರುವುದಿಲ್ಲ, ಉಸಿರು ಕಟ್ಟಿರುವುದಿಲ್ಲ. ಆದರೂ ಪಕ್ಕೆಲುಬುಗಳ ಕೆಳಗೆ, ಹೆಚ್ಚಾಗಿ ಬಲಗಡೆಯಲ್ಲಿ, ಸೂಜಿಯಿಂದ ಚುಚ್ಚಿದಂಥ ನೋವು ಕಾಣಿಸಿಕೊಂಡು ಒಂದು ಹೆಜ್ಜೆಯನ್ನೂ ಮುಂದಿಡಲು ಬಿಡುವುದಿಲ್ಲ. 'ಪಕ್ಕೆ ಹಿಡಿದುಕೊಂಡಿತು' ಎಂದು ಹೇಳಿ ಓಟಗಾರನು ಪಂದ್ಯದಿಂದ ಹೊರಗುಳಿಯುತ್ತಾನೆ. ಐದು ನಿಮಿಷ ಕಳೆಯುವುದರೊಳಗಾಗಿ ನೋವು ಬಂದ ದಾರಿಯಲ್ಲೇ ಹೊರಟುಹೋಗಿರುತ್ತದೆ. ಆದರೆ ಅಷ್ಟರಲ್ಲಿ ಪಂದ್ಯವೂ ಮುಗಿದುಹೋಗಿರುತ್ತದೆ.

ಈ ನೋವಿಗೆ ಕೆಲವು ಗೊತ್ತಾದ ಲಕ್ಷಣಗಳಿವೆ. ಅದು ಶ್ರಮದ ಚಲನೆಯಲ್ಲಿ ತೊಡಗಿದಾಗ ಮಾತ್ರ ಬರುತ್ತದೆ. ವಿಶ್ರಾಂತಿ ಪಡೆದರೆ ಇಳಿಯುತ್ತದೆ. ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಬಹುದಾದಷ್ಟು ಅದು ಖಚಿತವಾಗಿರುತ್ತದೆ. ತೀವ್ರವಾಗಿದ್ದಾಗ ಚುಚ್ಚಿದಂತೆ ಅಥವಾ ಇರಿದಂತೆ, ಸೌಮ್ಯವಾಗಿದ್ದಾಗ ಎಳೆದಂತೆ ಅಥವಾ ಹಿಂಡಿದಂತೆ ಭಾಸವಾಗುತ್ತದೆ. ವಯಸ್ಸಾದವರಿಗಿಂತ ಎಳೆಯರಲ್ಲಿ ಇದು ಹೆಚ್ಚು. ಕೆಲವರಿಗೆ ಇದರ ಜೊತೆಯಲ್ಲಿ ಹೆಗಲಿನ ತುದಿಯಲ್ಲಿಯೂ ನೋವು ಕಾಣಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ನೋವಿಗೂ ಹೆಗಲಿಗೂ ಏನು ಸಂಬಂಧ? ಮೇಲುನೋಟಕ್ಕೆ ವಿಚಿತ್ರವೆನಿಸುವ ಈ ಕೊನೆಯ ಲಕ್ಷಣವೇ ನೋವಿನ ಮೂಲವನ್ನು ಹುಡುಕಿದವರಿಗೆ ಒಂದು ಮುಖ್ಯವಾದ ಸುಳಿವನ್ನು ಒದಗಿಸಿತು.

ಪಕ್ಕೆ ಹಿಡಿಯುವ ತೊಂದರೆ ಹೊಸದೇನೂ ಅಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಹಿರಿಯ ಪ್ಲಿನಿ ಎಂಬ ವಿದ್ವಾಂಸನು ಓಟಗಾರರ ಈ ಕಷ್ಟಕ್ಕೆ ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮವೇ ಕಾರಣವೆಂದು ಬಗೆದಿದ್ದನು. ಅದಕ್ಕಾಗಿ ಓಟಗಾರರಿಗೆ ಬರೆ ಹಾಕುವ ಪದ್ಧತಿ ಇತ್ತೆಂದೂ ಅವನು ಬರೆದಿದ್ದಾನೆ. ನೋವು ಬಲಗಡೆಯಲ್ಲಿಯೇ ಹೆಚ್ಚಾಗಿ ಬರುತ್ತದೆಂಬುದನ್ನು ಗಮನಿಸಿದ್ದರೆ ಆ ಬಡ ಓಟಗಾರರು ಬರೆಯಿಂದ ಪಾರಾಗುತ್ತಿದ್ದರೋ ಏನೋ! ಕಾರಣವನ್ನು ಸರಿಯಾಗಿ ತಿಳಿಯದೆ ಮಾಡುವ ಚಿಕಿತ್ಸೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ನಿಜವಾದ ಕಾರಣವನ್ನು ತಿಳಿಯಬೇಕಾದರೆ ಮೊದಲು ಹೊಟ್ಟೆಯೊಳಗಿನ ವ್ಯವಸ್ಥೆಯನ್ನು ಸ್ವಲ್ಪ ಪರಿಚಯಮಾಡಿಕೊಳ್ಳಬೇಕು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಬಾಗಿದ ಒಂದು ಸ್ನಾಯುವಿನ ತೆರೆ ಇದೆ. ಅದೇ ವಪೆ. ಉಸಿರನ್ನು ಒಳಕ್ಕೆ ಎಳೆದುಕೊಂಡಾಗ ವಪೆ ಕೆಳಕ್ಕಿಳಿಯುತ್ತದೆ. ಹೊರಕ್ಕೆ ಬಿಟ್ಟಾಗ ಮೇಲಕ್ಕೇರುತ್ತದೆ. ವಪೆಯ ಕೆಳಗೆ ಬಲಗಡೆಯಲ್ಲಿ ಪಿತ್ತಜನಕಾಂಗವಿದೆ. ಇದು ಹೊಟ್ಟೆಯ ಅಂಗಗಳಲ್ಲೆಲ್ಲ ಭಾರವಾದುದು. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಎಡಗಡೆಯಲ್ಲಿ ಜಠರವೂ ಅದರ ಹಿಂದೆ ಗುಲ್ಮವೂ ಇವೆ. ಬರಿದಾಗಿರುವಾಗ ಜಠರವು ಮುದುರಿಕೊಂಡ ಚೀಲದಂತಿರುತ್ತದೆ. ಹೊಟ್ಟೆ ತುಂಬ ಉಂಡಾಗ ಅದು ಒಂದು ಲೀಟರನ್ನೂ ಅದಕ್ಕಿಂತ ಹೆಚ್ಚನ್ನೂ ಹಿಡಿಯುವಷ್ಟು ಹಿಗ್ಗುತ್ತದೆ.

ಈ ಅಂಗಗಳನ್ನೆಲ್ಲ ಒಂದು ತೆಳುವಾದ, ನುಣುಪಾದ ಪೊರೆ ಆವರಿಸಿಕೊಂಡಿದೆ. ವೈದ್ಯರು ಇದನ್ನು ಪೆರಿಟೋನಿಯಂ ಎಂದು ಕರೆಯುತ್ತಾರೆ. ಇಲ್ಲಿ ಇದನ್ನು ಉದರಪೊರೆ ಎಂದು ಕರೆಯಬಹುದು. ಈ ಪೊರೆಗೆ ಎರಡು ಪದರಗಳಿವೆ. ಒಳಪದರವು ಜಠರ, ಕರುಳು ಮುಂತಾದ ಅಂಗಗಳಿಗೆ ಅಂಟಿಕೊಂಡಿರುತ್ತದೆ. ಹೊರಪದರವು ಹೊಟ್ಟೆಯ ಗೋಡೆಯ ಒಳಮೈಯನ್ನೂ ವಪೆಯ ಕೆಳಮೈಯನ್ನೂ ಹೊದಿಸಿಕೊಂಡಿರುತ್ತದೆ. ಎರಡು ಪದರಗಳ ನಡುವೆ ಅತ್ಯಲ್ಪ ಪ್ರಮಾಣದ ದ್ರವವು ತೆಳುವಾಗಿ ಹರಡಿಕೊಂಡಿದೆ. ಗಾಡಿಯ ಅಚ್ಚಿಗೆ ಹಾಕಿದ ಕೀಲೆಣ್ಣೆಯಂತೆ ಇದು ಕೆಲಸಮಾಡುತ್ತದೆ. ಮೈ ಬಾಗಿದಾಗ, ತಿರುಗಿದಾಗ, ಉಸಿರಾಡಿದಾಗ ಒಂದು ಪದರವು ಇನ್ನೊಂದರ ಮೇಲೆ ಸರಾಗವಾಗಿ ಜಾರುತ್ತದೆ. ದಿನವೆಲ್ಲ ನಡೆಯುವ ಈ ಜಾರಾಟ ನಮ್ಮ ಅರಿವಿಗೆ ಬರುವುದೇ ಇಲ್ಲ.

ಪಕ್ಕೆ ಹಿಡಿಯುವುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವೊಂದಿದೆ. ಉಂಡ ಮೇಲೆ ರಕ್ತವು ಜೀರ್ಣಕಾರ್ಯಕ್ಕಾಗಿ ಜಠರದ ಕಡೆಗೆ ಹರಿಯುತ್ತದೆ. ಓಡುವಾಗ ಕಾಲುಗಳಿಗೂ ರಕ್ತ ಬೇಕು. ಈ ಎಳೆದಾಟದಲ್ಲಿ ವಪೆಗೆ ರಕ್ತ ಸಾಲದೆ ಹೋಗುತ್ತದೆ. ರಕ್ತ ಸಾಲದ ಸ್ನಾಯು ನೋಯುತ್ತದೆ ಎಂಬುದು ಆ ವಿವರಣೆ. ಇದನ್ನು ಹೋಲುವ ಅಭಿಪ್ರಾಯವನ್ನು 1941ರಲ್ಲಿ ಅಮೆರಿಕದ ವೈದ್ಯನಾದ ಕ್ಯಾಪ್ಸ್ ಎಂಬುವನು ಮಂಡಿಸಿದನು. ಕೇಳುವುದಕ್ಕೆ ಇದು ಬಹಳ ಒಪ್ಪುವಂತಿದೆ. ಉಂಡ ಮೇಲೆ ಜಠರ ಮತ್ತು ಕರುಳುಗಳಿಗೆ ರಕ್ತದ ಹರಿವು ಹೆಚ್ಚುವುದೂ ನಿಜ, ಬಿರುಸಾಗಿ ಓಡುವಾಗ ಅದು ಬಹಳವಾಗಿ ತಗ್ಗುವುದೂ ನಿಜ. ತುಂಬಿದ ಹೊಟ್ಟೆಯಲ್ಲಿ ಓಡಿದವನಿಗೆ ಓಕರಿಕೆ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಪಕ್ಕೆಯ ನೋವಿಗೆ ಇದೇ ಕಾರಣವೇ?

ಒಂದು ವಿವರಣೆ ಒಪ್ಪುವಂತಿದೆ ಎಂದ ಮಾತ್ರಕ್ಕೆ ಅದು ಸತ್ಯವಾಗಬೇಕಾಗಿಲ್ಲ. ಅದು ಕಂಡ ಸಂಗತಿಗಳಿಗೆಲ್ಲ ಹೊಂದಿಕೊಳ್ಳಬೇಕು. ಆಸ್ಟ್ರೇಲಿಯಾದ ಡ್ಯಾರೆನ್ ಮಾರ್ಟನ್ ಮತ್ತು ರಾಬಿನ್ ಕ್ಯಾಲಿಸ್ಟರ್ ಎಂಬ ಸಂಶೋಧಕರು ಆರು ಬಗೆಯ ಕ್ರೀಡೆಗಳಲ್ಲಿ ತೊಡಗಿದ್ದ 965 ಮಂದಿಯನ್ನು ಪ್ರಶ್ನಿಸಿ, ಅದರ ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ಪಕ್ಕೆ ಹಿಡಿದ ಅನುಭವವು ಓಟಗಾರರಲ್ಲಿ ಶೇಕಡ 69 ಮಂದಿಗೆ ಆಗಿತ್ತು. ಈಜುಗಾರರಲ್ಲಿ ಅದು ಇನ್ನೂ ಹೆಚ್ಚಾಗಿ, ಶೇಕಡ 75ರಷ್ಟಿತ್ತು. ಕುದುರೆ ಸವಾರರಲ್ಲಿ ಶೇಕಡ 62 ಮಂದಿ ಈ ನೋವನ್ನು ಅನುಭವಿಸಿದ್ದರು. ಆದರೆ ಸೈಕಲ್ ತುಳಿಯುವವರಲ್ಲಿ ಕೇವಲ ಶೇಕಡ 32 ಮಂದಿಗೆ ಅದು ಬಂದಿತ್ತು.

ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಕುದುರೆಯ ಮೇಲೆ ಕುಳಿತವನು ಓಟಗಾರನಷ್ಟು ಏದುಸಿರು ಬಿಡುವುದಿಲ್ಲ. ಹೆಚ್ಚಿನ ಶ್ರಮ ಕುದುರೆಯದು. ಸೈಕಲ್ ಪಂದ್ಯದಲ್ಲಿ ಭಾಗವಹಿಸುವವನ ಉಸಿರಾಟವಾದರೋ ಓಟಗಾರನ ಉಸಿರಾಟದಷ್ಟೇ ಬಿರುಸಾಗಿರುತ್ತದೆ. ವಪೆಗೆ ರಕ್ತ ಸಾಲದಿರುವುದೇ ನೋವಿಗೆ ಕಾರಣವಾಗಿದ್ದರೆ ಸೈಕಲ್ ಸವಾರನಿಗೆ ನೋವು ಹೆಚ್ಚಾಗಿಯೂ ಕುದುರೆ ಸವಾರನಿಗೆ ಕಡಿಮೆಯಾಗಿಯೂ ಬರಬೇಕಾಗಿತ್ತು. ಆದದ್ದು ಇದಕ್ಕೆ ವಿರುದ್ಧ. ಅದೇ ಸಂಶೋಧಕರು ಮುಂದೆ 2006ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ಪಕ್ಕೆ ಹಿಡಿದಿರುವಾಗಲೇ ವ್ಯಕ್ತಿಗಳಿಂದ ಉಪಕರಣದೊಳಕ್ಕೆ ಉಸಿರು ಬಿಡಿಸಿ ಅಳೆದು ನೋಡಿದರು. ಉಸಿರಾಟದ ಸಾಮರ್ಥ್ಯ ಕುಂದಿರಲಿಲ್ಲ. ಹೀಗಾಗಿ ವಪೆಯ ಮೇಲಿನ ಆರೋಪವು ದುರ್ಬಲವಾಯಿತು.

ಇನ್ನೊಂದು ವಿವರಣೆಯನ್ನು 1951ರಲ್ಲಿ ಸಿಂಕ್ಲೇರ್ ಎಂಬುವನು ನೀಡಿದ್ದನು. ಪಿತ್ತಜನಕಾಂಗ, ಜಠರ, ಗುಲ್ಮಗಳನ್ನು ವಪೆಗೆ ತೂಗುಹಾಕಿದಂತೆ ಹಿಡಿದಿಡುವ ಬಂಧಕ ಪಟ್ಟಿಗಳಿವೆ. ಓಡುವಾಗ ಪ್ರತಿಯೊಂದು ಹೆಜ್ಜೆಗೂ ದೇಹ ಕುಲುಕುತ್ತದೆ. ತುಂಬಿದ ಜಠರದ ಭಾರವೂ ಸೇರಿ ಈ ಪಟ್ಟಿಗಳು ಎಳೆಯಲ್ಪಟ್ಟು ನೋವುಂಟಾಗುತ್ತದೆ ಎಂದು ಅವನು ಹೇಳಿದನು. ಓಟಕ್ಕೂ ಕುದುರೆ ಸವಾರಿಗೂ ಇದು ಚೆನ್ನಾಗಿ ಹೊಂದುತ್ತದೆ, ಎರಡರಲ್ಲಿಯೂ ಕುಲುಕಾಟವಿದೆ. ಊಟದ ನಂತರ ನೋವು ಹೆಚ್ಚುವುದಕ್ಕೂ ಹೊಂದುತ್ತದೆ. ಆದರೆ ಈಜುಗಾರನನ್ನು ನೀರು ಹೊತ್ತುಕೊಂಡಿರುತ್ತದೆ. ಅವನಿಗೆ ಕುಲುಕಾಟವೆಂಬುದೇ ಇಲ್ಲ. ಆದರೂ ನೋವಿಗೆ ತುತ್ತಾದವರಲ್ಲಿ ಈಜುಗಾರರದೇ ಮೊದಲ ಸ್ಥಾನ. ಆದುದರಿಂದ ಈ ವಿವರಣೆಯೂ ಪೂರ್ಣವೆನಿಸಲಿಲ್ಲ. ಇದು ಹೊಟ್ಟೆಯ ಸ್ನಾಯುಗಳ ಸೆಡೆತವೇ ಎಂಬ ಸಂದೇಹವನ್ನೂ ಪರೀಕ್ಷಿಸಲಾಯಿತು. ಸೆಡೆತ ಹಿಡಿದ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಹೆಚ್ಚುತ್ತದೆ. ನೋವಿದ್ದ ಜಾಗದಲ್ಲಿ ಅಳೆದು ನೋಡಿದಾಗ ಅಂಥ ಹೆಚ್ಚಳ ಕಂಡುಬರಲಿಲ್ಲ.

ಹಾಗಾದರೆ ಓಟಗಾರ, ಈಜುಗಾರ, ಕುದುರೆ ಸವಾರ ಈ ಮೂವರಿಗೂ ಸಮಾನವಾಗಿದ್ದು, ಸೈಕಲ್ ಸವಾರನಲ್ಲಿ ಕಡಿಮೆಯಾಗಿರುವ ಸಂಗತಿ ಯಾವುದು? ಅದು ಮುಂಡದ ಚಲನೆ. ಓಟಗಾರನ ಮುಂಡ ಹೆಜ್ಜೆಹೆಜ್ಜೆಗೂ ಕುಲುಕುತ್ತ, ಸ್ವಲ್ಪ ತಿರುಗುತ್ತ ಇರುತ್ತದೆ. ಈಜುಗಾರನ ಮುಂಡ ಪ್ರತಿಯೊಂದು ಕೈಬೀಸಿಗೂ ಆಚೀಚೆ ಹೊರಳುತ್ತದೆ. ಕುದುರೆ ಸವಾರನ ಮುಂಡ ಕುದುರೆಯ ನಡೆಗೆ ತಕ್ಕಂತೆ ಅಲುಗುತ್ತದೆ. ಸೈಕಲ್ ಸವಾರನು ಮಾತ್ರ ಕೈಗಳನ್ನು ಹ್ಯಾಂಡಲಿನ ಮೇಲೆ ಊರಿ ಮುಂಡವನ್ನು ಹೆಚ್ಚು ಅಲುಗಿಸದೆ ಕಾಲುಗಳಿಂದ ತುಳಿಯುತ್ತಾನೆ. ಮುಂಡವು ಮತ್ತೆ ಮತ್ತೆ ಅಲುಗಿದಾಗ ಒಳಗೆ ಉಜ್ಜುವುದು ಯಾವುದು? ಮೇಲೆ ಹೇಳಿದ ಉದರಪೊರೆಯ ಎರಡು ಪದರಗಳು. ಜಾರಬೇಕಾದ ಪದರಗಳು ಒಂದನ್ನೊಂದು ಉಜ್ಜಿ, ಹೊರಪದರವು ಕೆರಳುವುದರಿಂದ ಪಕ್ಕೆಯ ನೋವು ಹುಟ್ಟುತ್ತದೆಂಬುದೇ ಈಗ ದೊರೆತಿರುವ ವಿವರಣೆಗಳಲ್ಲಿ ಹೆಚ್ಚು ಸಮರ್ಪಕವಾದುದು.

ಈ ವಿವರಣೆಯು ನೋವಿನ ಲಕ್ಷಣಗಳಿಗೂ ಹೊಂದುತ್ತದೆ. ಜಠರ ಮತ್ತು ಕರುಳುಗಳಲ್ಲಿಯೇ ಹುಟ್ಟುವ ನೋವು ಮಂದವಾಗಿ, ಇಂಥದೇ ಜಾಗವೆಂದು ಹೇಳಲಾಗದಂತೆ ಹರಡಿಕೊಂಡಿರುತ್ತದೆ. ಉದರಪೊರೆಯ ಹೊರಪದರದ ಸಂಗತಿ ಬೇರೆ. ಪಕ್ಕೆಲುಬುಗಳ ನಡುವೆ ಸಾಗಿ ಹೊಟ್ಟೆಯ ಚರ್ಮಕ್ಕೆ ಸಂವೇದನೆಯನ್ನು ಕೊಡುವ ನರಗಳೇ ಈ ಹೊರಪದರಕ್ಕೂ ಸಂವೇದನೆಯನ್ನು ಕೊಡುತ್ತವೆ. ಆದುದರಿಂದ ಚರ್ಮಕ್ಕೆ ಮುಳ್ಳು ಚುಚ್ಚಿದಾಗ ಹೇಗೆ ಜಾಗ ಖಚಿತವಾಗಿ ತಿಳಿಯುತ್ತದೆಯೋ ಹಾಗೆಯೇ ಇಲ್ಲಿಯ ನೋವೂ ಹರಿತವಾಗಿ, ಬೆರಳಿಟ್ಟು ತೋರಿಸುವಂತಿರುತ್ತದೆ.

ಹೆಗಲಿನ ನೋವಿನ ಗುಟ್ಟೂ ಇಲ್ಲಿಯೇ ಬಯಲಾಗುತ್ತದೆ. ವಪೆಯ ನಡುಭಾಗದ ಕೆಳಮೈಯನ್ನು ಹೊದಿಸಿರುವ ಪೊರೆಗೆ ಪಕ್ಕೆಲುಬಿನ ನರಗಳು ಬರುವುದಿಲ್ಲ. ಅಲ್ಲಿಗೆ ಕತ್ತಿನಿಂದ ಕೆಳಗಿಳಿದು ಬರುವ ವಪೆಯ ನರವು ಸಂವೇದನೆಯನ್ನು ಕೊಡುತ್ತದೆ. ಹೆಗಲಿನ ತುದಿಯ ಚರ್ಮದಿಂದ ಬರುವ ನರಗಳೂ ಕತ್ತಿನಲ್ಲಿ ಬೆನ್ನುಹುರಿಯ ಅದೇ ಭಾಗವನ್ನು ಸೇರುತ್ತವೆ. ಎರಡು ಊರುಗಳ ಕಾಗದಗಳು ಒಂದೇ ಅಂಚೆಚೀಲದಲ್ಲಿ ಬಂದಾಗ ಯಾವುದು ಎಲ್ಲಿಯದೆಂದು ಗೊಂದಲವಾಗುವಂತೆ, ವಪೆಯ ಪೊರೆಯಿಂದ ಬಂದ ನೋವನ್ನು ಮಿದುಳು ಹೆಗಲಿನದೆಂದು ಭಾವಿಸುತ್ತದೆ. ವಪೆಯನ್ನು ದೂಷಿಸಿದ ಕ್ಯಾಪ್ಸನಿಗಿಂತ ಮೊದಲು ಅದೇ ಹೆಸರಿನ ಇನ್ನೊಬ್ಬ ವೈದ್ಯನು ತನ್ನ ಸಹೋದ್ಯೋಗಿ ಕೋಲ್ಮನ್ನನೊಡನೆ ರೋಗಿಗಳ ಉದರಪೊರೆಯ ಬೇರೆ ಬೇರೆ ಭಾಗಗಳನ್ನು ಸಣ್ಣ ತಂತಿಯಿಂದ ಮುಟ್ಟಿ, ನೋವು ಎಲ್ಲಿ ತೋರುತ್ತದೆಂದು ಪರೀಕ್ಷಿಸಿದ್ದನು. ವಪೆಯ ನಡುಭಾಗದ ಪೊರೆಯನ್ನು ಮುಟ್ಟಿದಾಗ ನೋವು ಹೆಗಲಿನಲ್ಲಿ ಕಾಣಿಸಿಕೊಂಡಿತ್ತು. ಪಕ್ಕೆ ಹಿಡಿದಾಗ ಹೆಗಲು ನೋಯುವುದೂ ಇದೇ ದಾರಿಯಿಂದ.

ಇನ್ನು ಊಟದ ಪಾತ್ರವೇನೆಂಬುದನ್ನು ವಿಚಾರಿಸಬಹುದು. ಹಿಗ್ಗಿದ ಜಠರವು ಹೊಟ್ಟೆಯ ಗೋಡೆಯನ್ನೂ ವಪೆಯನ್ನೂ ಒಳಗಿನಿಂದ ಒತ್ತುತ್ತದೆ. ಎರಡು ಅಂಗೈಗಳನ್ನು ಸಡಿಲವಾಗಿ ಜೋಡಿಸಿ ಉಜ್ಜುವುದಕ್ಕೂ ಬಲವಾಗಿ ಒತ್ತಿ ಉಜ್ಜುವುದಕ್ಕೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಒತ್ತಡ ಹೆಚ್ಚಿದಷ್ಟೂ ಉಜ್ಜುವಿಕೆ ಹೆಚ್ಚು. ಉಂಡ ಪದಾರ್ಥದ ಬಗೆಗಿಂತ ಅದರ ಪ್ರಮಾಣವೂ ಉಂಡ ವೇಳೆಯೂ ಮುಖ್ಯವೆಂಬುದಕ್ಕೆ ಆಧಾರವಿದೆ. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ನಡೆಯುವ 14 ಕಿಲೋಮೀಟರಿನ ಸಾರ್ವಜನಿಕ ಓಟದಲ್ಲಿ ಪಾಲ್ಗೊಂಡವರನ್ನು ಮಾರ್ಟನ್ ಮತ್ತು ಅವನ ಸಂಗಡಿಗರು ವಿಚಾರಿಸಿದಾಗ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ ಪಕ್ಕೆ ಹಿಡಿದಿದ್ದುದು ತಿಳಿದುಬಂದಿತು. ಓಟಕ್ಕೆ ಒಂದೆರಡು ಗಂಟೆ ಮೊದಲು ತಮ್ಮ ಮೈತೂಕದ ಲೆಕ್ಕದಲ್ಲಿ ಹೆಚ್ಚು ಪ್ರಮಾಣದ ಆಹಾರವನ್ನು ಸೇವಿಸಿದ್ದವರಲ್ಲಿ ಇದು ಹೆಚ್ಚಾಗಿತ್ತು. ಆಹಾರದಲ್ಲಿದ್ದ ಪೋಷಕಾಂಶಗಳು ಯಾವುವೆಂಬುದರಿಂದ ವ್ಯತ್ಯಾಸವೇನೂ ಕಂಡುಬರಲಿಲ್ಲ.

ಪಾನೀಯಗಳ ವಿಷಯದಲ್ಲಿ ಮಾತ್ರ ಬಗೆಗೂ ಮಹತ್ವವಿದೆ. ಸಿಹಿಯಾದ ಹಣ್ಣಿನ ರಸವು ಬರಿಯ ನೀರಿಗಿಂತ ಹೆಚ್ಚಾಗಿ ಈ ನೋವನ್ನು ಎಬ್ಬಿಸುತ್ತದೆಂದು ಪರೀಕ್ಷೆಗಳು ತೋರಿಸಿವೆ. ಬರಿಯ ನೀರು ಜಠರದಿಂದ ಬೇಗನೆ ಕರುಳಿಗೆ ಇಳಿಯುತ್ತದೆ. ಸಕ್ಕರೆಯಂಶ ಹೆಚ್ಚಾಗಿರುವ ಪಾನೀಯವು ನಿಧಾನವಾಗಿ ಇಳಿಯುವುದರಿಂದ ಜಠರವು ಹೆಚ್ಚು ಹೊತ್ತು ಹಿಗ್ಗಿಯೇ ಇರುತ್ತದೆ. ಓಟಕ್ಕೆ ಮುಂಚೆ 'ಶಕ್ತಿ ಬರಲಿ' ಎಂದು ಗಟ್ಟಿ ಪಾನಕವನ್ನು ಲೋಟಗಟ್ಟಲೆ ಕುಡಿಯುವುದು ಏಕೆ ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟನ್ನು ತಿಳಿದುಕೊಂಡ ಮೇಲೆ ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡಬಹುದು. ಒಂದು ಪ್ರೌಢಶಾಲೆಯ ಕ್ರೀಡಾದಿನದಂದು 1500 ಮೀಟರ್ ಓಟವು ಮಧ್ಯಾಹ್ನ 2 ಗಂಟೆಗೆ ಗೊತ್ತಾಗಿದೆಯೆಂದು ಊಹಿಸಿಕೊಳ್ಳೋಣ. ಒಂಬತ್ತನೆಯ ತರಗತಿಯ ಹುಡುಗನೊಬ್ಬನು 1 ಗಂಟೆ 15 ನಿಮಿಷಕ್ಕೆ ಊಟಕ್ಕೆ ಕುಳಿತು ಅನ್ನ, ಸಾರು, ಪಲ್ಯಗಳನ್ನು ಹೊಟ್ಟೆ ತುಂಬ ಉಂಡು, ಮೇಲೆ ಎರಡು ಲೋಟ ಮಜ್ಜಿಗೆಯನ್ನು ಕುಡಿಯುತ್ತಾನೆ. ಎಲ್ಲವೂ ಸೇರಿ ಅವನ ಜಠರದಲ್ಲಿ ಸುಮಾರು ಒಂದು ಲೀಟರಿನಷ್ಟು ಪದಾರ್ಥ ತುಂಬಿದೆ. ಘನ ಆಹಾರವು ಮೊದಲು ಜಠರದಲ್ಲಿ ಕಡೆಯಲ್ಪಟ್ಟು ನುಣ್ಣಗಾಗಬೇಕು. ಆಮೇಲೆ ಸ್ವಲ್ಪಸ್ವಲ್ಪವಾಗಿ ಕರುಳಿಗೆ ಇಳಿಯಬೇಕು. ಇಂಥ ಊಟದ ಅರ್ಧಭಾಗ ಇಳಿಯುವುದಕ್ಕೆ ಸುಮಾರು ಎರಡು ಗಂಟೆಯಾದರೂ ಬೇಕು; ಬಹುಪಾಲು ಖಾಲಿಯಾಗಲು ನಾಲ್ಕು ಗಂಟೆಗಳವರೆಗೂ ಹಿಡಿಯಬಹುದು. ಊಟಕ್ಕೂ ಓಟಕ್ಕೂ ನಡುವೆ ಇರುವ ಅಂತರ ಮುಕ್ಕಾಲು ಗಂಟೆ ಮಾತ್ರ. ಆದುದರಿಂದ ಅವನು ಓಟದ ಗೆರೆಯ ಮೇಲೆ ನಿಂತಾಗ ಉಂಡದ್ದರಲ್ಲಿ ಬಹುಭಾಗ ಜಠರದಲ್ಲಿಯೇ ಇದೆ.

ಓಟ ಪ್ರಾರಂಭವಾಗುತ್ತದೆ. ಇಡೀ ಓಟಕ್ಕೆ ಅವನು 6 ನಿಮಿಷಗಳನ್ನು ತೆಗೆದುಕೊಳ್ಳುವವನೆಂದು ಇಟ್ಟುಕೊಂಡರೆ, ನಿಮಿಷಕ್ಕೆ 170 ಹೆಜ್ಜೆಗಳಂತೆ ಒಟ್ಟು 1020 ಹೆಜ್ಜೆಗಳಾಗುತ್ತವೆ. ಅಷ್ಟು ಸಲವೂ ಅವನ ಹೊಟ್ಟೆ ಕುಲುಕುತ್ತದೆ. ನಿಮಿಷಕ್ಕೆ 45 ಸಲ ಉಸಿರಾಡಿದರೆ ವಪೆಯು 270 ಸಲ ಕೆಳಗಿಳಿದು ತುಂಬಿದ ಜಠರವನ್ನು ಒತ್ತುತ್ತದೆ. ಎರಡನೆಯ ಸುತ್ತು ಮುಗಿಯುವ ಮೊದಲೇ, ಸುಮಾರು 700 ಮೀಟರಿನ ಹೊತ್ತಿಗೆ, ಪಕ್ಕೆಯಲ್ಲಿ ನೋವು ಚುರುಕ್ಕೆನ್ನುತ್ತದೆ. ಆಗ ಅವನು ಹಲ್ಲು ಕಚ್ಚಿಕೊಂಡು ವೇಗವನ್ನು ಹೆಚ್ಚಿಸಿದರೆ ಉಜ್ಜುವಿಕೆಯೂ ಹೆಚ್ಚಿ ನೋವು ಬಲವಾಗುತ್ತದೆ. ವೇಗವನ್ನು ತಗ್ಗಿಸಿ, ನೋವಿರುವ ಜಾಗವನ್ನು ಕೈಯಿಂದ ಒತ್ತಿ ಹಿಡಿದು, ಮುಂದಕ್ಕೆ ಸ್ವಲ್ಪ ಬಾಗಿ, ತುಟಿಗಳನ್ನು ಕಿರಿದುಮಾಡಿ ನಿಧಾನವಾಗಿ ಉಸಿರು ಬಿಟ್ಟರೆ ಅನೇಕ ವೇಳೆ ನೋವು ತಗ್ಗುತ್ತದೆ. ಒತ್ತಿ ಹಿಡಿಯುವುದರಿಂದ ಅಲುಗಾಟ ಕಡಿಮೆಯಾಗುತ್ತದೆ. ಹೊಟ್ಟೆಯ ಸುತ್ತ ಅಗಲವಾದ ಪಟ್ಟಿಯನ್ನು ಬಿಗಿದುಕೊಂಡಾಗಲೂ ಕೆಲವರಿಗೆ ಉಪಶಮನವಾದುದನ್ನು ಸಂಶೋಧಕರು ಕಂಡಿದ್ದಾರೆ. ಇವಾವುದರಿಂದಲೂ ತಗ್ಗದಿದ್ದರೆ ನಿಲ್ಲುವುದೇ ಉಪಾಯ.

ಅದೇ ಹುಡುಗನು ಅದೇ ದಿನವನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಳ್ಳಬಹುದಾಗಿತ್ತು. ಮುಖ್ಯವಾದ ಊಟವನ್ನು 10 ಗಂಟೆ 30 ನಿಮಿಷಕ್ಕೆ ಮುಗಿಸಿದ್ದರೆ ಓಟಕ್ಕೆ ಮೂರೂವರೆ ಗಂಟೆಗಳ ಅಂತರ ದೊರೆಯುತ್ತಿತ್ತು. ನಡುವೆ ಹಸಿವಾದರೆ 12 ಗಂಟೆಯೊಳಗೆ ಒಂದು ಬಾಳೆಯಹಣ್ಣನ್ನು ತಿನ್ನಬಹುದಾಗಿತ್ತು. ಬಿಸಿಲಿನ ದಿನದಲ್ಲಿ ನೀರನ್ನು ಬಿಟ್ಟು ಓಡುವುದು ಅಪಾಯ. ಆದರೆ ಎರಡು ಲೋಟಗಳನ್ನು ಒಮ್ಮೆಗೇ ಕುಡಿಯುವ ಬದಲು ಬೆಳಗಿನಿಂದಲೂ ಆಗಾಗ ಕೆಲವು ಗುಟುಕುಗಳಂತೆ ಕುಡಿದಿದ್ದರೆ ದೇಹಕ್ಕೆ ನೀರೂ ದೊರೆಯುತ್ತಿತ್ತು, ಜಠರವೂ ಹಿಗ್ಗುತ್ತಿರಲಿಲ್ಲ. ಊಟದ ವೇಳೆಯನ್ನು ಬದಲಾಯಿಸಲು ಸಾಧ್ಯವೇ ಇಲ್ಲದಿದ್ದರೆ ಊಟದ ಪ್ರಮಾಣವನ್ನಾದರೂ ಅರ್ಧಕ್ಕೆ ಇಳಿಸಿ, ಉಳಿದುದನ್ನು ಓಟ ಮುಗಿದ ಮೇಲೆ ಉಣ್ಣಬಹುದಾಗಿತ್ತು.

ಇಷ್ಟೆಲ್ಲ ಮಾಡಿದರೂ ಪಕ್ಕೆ ಹಿಡಿಯುವುದೇ ಇಲ್ಲವೆಂದು ಹೇಳುವಂತಿಲ್ಲ. ಊಟವು ಈ ನೋವನ್ನು ಹೆಚ್ಚಿಸುತ್ತದೆಯೇ ಹೊರತು ಊಟವೊಂದೇ ಅದಕ್ಕೆ ಕಾರಣವಲ್ಲ. ಬರಿಹೊಟ್ಟೆಯಲ್ಲಿ ಓಡಿದವರಿಗೂ ಒಮ್ಮೊಮ್ಮೆ ಅದು ಬರುತ್ತದೆ. ಆದುದರಿಂದ ಪಕ್ಕೆ ಹಿಡಿಯುತ್ತದೆಂಬ ಭಯದಿಂದ ಓಟದ ದಿನ ಉಪವಾಸ ಮಾಡುವುದು ತಪ್ಪು. ಉಪವಾಸವಿದ್ದವನಿಗೆ ಪಕ್ಕೆ ಹಿಡಿಯದಿದ್ದರೂ ಬಳಲಿಕೆಯೂ ತಲೆಸುತ್ತೂ ಬರಬಹುದು. ಬೇಕಾದುದು ಅಂತರವೇ ಹೊರತು ಅನ್ನವನ್ನು ತೊರೆಯುವುದಲ್ಲ.

ಕೊನೆಯದಾಗಿ, ಹೊಟ್ಟೆಯ ನೋವೆಲ್ಲವೂ ಪಕ್ಕೆ ಹಿಡಿದ ನೋವಲ್ಲವೆಂಬುದನ್ನು ಮರೆಯಬಾರದು. ಪಕ್ಕೆ ಹಿಡಿದ ನೋವಿನ ಮುಖ್ಯ ಗುರುತು ಅದು ಓಟದೊಡನೆ ಬಂದು ವಿಶ್ರಾಂತಿಯೊಡನೆ ಹೋಗುವುದು. ಕೆಲವರಿಗೆ ಆ ಜಾಗದಲ್ಲಿ ಮಾರನೆಯ ದಿನದವರೆಗೂ ಸಣ್ಣ ನೋವು ಉಳಿಯಬಹುದು, ಅದರಿಂದ ಭಯವಿಲ್ಲ. ಆದರೆ ಕುಳಿತು ವಿಶ್ರಮಿಸಿದ ಮೇಲೂ ನೋವು ಹೆಚ್ಚುತ್ತಲೇ ಹೋದರೆ, ಜ್ವರವೋ ವಾಂತಿಯೋ ಜೊತೆಗೂಡಿದರೆ, ಅಥವಾ ಹೊಕ್ಕುಳಿನ ಬಳಿ ಹುಟ್ಟಿದ ನೋವು ಹೊಟ್ಟೆಯ ಬಲಗಡೆಯ ಕೆಳಭಾಗಕ್ಕೆ ಸರಿದು ಅಲ್ಲಿಯೇ ನೆಲೆಸಿದರೆ ಅದು ಕರುಳುಬಾಲದ ಉರಿಯೂತವಿರಬಹುದು. ಓಡುವಾಗ ನೋವು ಎದೆಯಲ್ಲಿ ಕಾಣಿಸಿಕೊಂಡರೆ ಅಥವಾ ಕಣ್ಣು ಕತ್ತಲೆಗಟ್ಟಿ ಬೀಳುವಂತಾದರೆ ಅದನ್ನೂ ಪಕ್ಕೆ ಹಿಡಿದ ನೋವೆಂದು ತಳ್ಳಿಹಾಕಬಾರದು. ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಎಡ ಹೆಗಲಿನಲ್ಲಿ ನೋವು ಕಾಣಿಸಿಕೊಂಡರೆ ಗುಲ್ಮಕ್ಕೆ ಗಾಯವಾಗಿರಬಹುದು; ಒಳಗೆ ಸೋರಿದ ರಕ್ತವು ವಪೆಯ ಪೊರೆಯನ್ನು ಕೆರಳಿಸಿ, ಮೇಲೆ ಹೇಳಿದ ದಾರಿಯಿಂದಲೇ ಹೆಗಲಿನಲ್ಲಿ ನೋವನ್ನು ತೋರಿಸುತ್ತದೆ. ಇಂಥ ಸಂದರ್ಭಗಳಲ್ಲೆಲ್ಲ ಉಪಾಧ್ಯಾಯರಿಗೆ ತಿಳಿಸಿ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ನೋವು ಎಲ್ಲಿ ಬಂದಿತು, ಯಾವಾಗ ಬಂದಿತು, ಎಷ್ಟು ಹೊತ್ತಿಗೆ ಹೋಯಿತು, ಅದಕ್ಕೆ ಮುಂಚೆ ಏನನ್ನು ಎಷ್ಟು ಹೊತ್ತಿನ ಹಿಂದೆ ಸೇವಿಸಿದ್ದಾಯಿತು ಎಂಬ ನಾಲ್ಕು ಸಂಗತಿಗಳನ್ನು ಪ್ರತಿಸಲವೂ ಗುರುತುಹಾಕಿಕೊಳ್ಳುವ ಓಟಗಾರನಿಗೆ ಕೆಲವೇ ವಾರಗಳಲ್ಲಿ ತನ್ನ ಹೊಟ್ಟೆಗೆ ಬೇಕಾದ ಅಂತರ ಎರಡು ಗಂಟೆಯೋ ಮೂರು ಗಂಟೆಯೋ ಎಂಬುದು ತಿಳಿದುಬರುತ್ತದೆ. ಅದು ಎಲ್ಲರಿಗೂ ಒಂದೇ ಆಗಿರುವುದಿಲ್ಲ.